‘ಇವತ್ತೂ ಲೇಟಾ?’ ಎಂದು ಬರೆಯುವ ಮೊದಲು

ಬೆಳಗ್ಗೆ 9.52. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಮ್ಯಾನೇಜರ್ ಸಂದೇಶ ಬೀಳುತ್ತದೆ: “ಕೆಲವರಿಗೆ ಆಫೀಸ್ ಟೈಮ್ ಅಂತ ಒಂದಿದೆ ಅನ್ನೋದೇ ಮರೆತುಹೋಗಿದೆ. ಇವತ್ತೂ ಲೇಟ್. ಹೀಗೇ ಮುಂದುವರಿದರೆ ಸೂಕ್ತ ಕ್ರಮ ತಗೋಬೇಕಾಗುತ್ತೆ. ಅರ್ಥ ಆಗಬೇಕಾದವರಿಗೆ ಅರ್ಥ ಆಗುತ್ತೆ.”

ಅರ್ಥ ಎಲ್ಲರಿಗೂ ಆಗುತ್ತದೆ. ಆ ‘ಕೆಲವರು’ ಯಾರೆಂದು ಕ್ಯಾಂಟೀನಿನ ಹುಡುಗನಿಗೂ ಗೊತ್ತು. ಸಮಯಕ್ಕೆ ಸರಿಯಾಗಿ ಬಂದ ಹನ್ನೆರಡು ಜನ ‘ನಮಗ್ಯಾಕೆ ಇದು’ ಎಂದು ಮುಖ ಮುಖ ನೋಡಿಕೊಳ್ಳುತ್ತಾರೆ. ಯಾರಿಗಾಗಿ ಬರೆದದ್ದೋ ಆಕೆ ಆಗಿನ್ನೂ ಬಸ್ಸಿನಲ್ಲಿ ನಿಂತಿರುತ್ತಾರೆ. ಓದಿ, ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೆ ಕಳಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ವಿಷಯ ತಡವಾಗಿ ಬಂದದ್ದರಿಂದ ಜಾರಿ ‘ಸರ್ ಎಲ್ಲರ ಮುಂದೆ ಮರ್ಯಾದೆ ತೆಗೆದರು’ ಎನ್ನುವಲ್ಲಿಗೆ ಬಂದು ನಿಂತಿರುತ್ತದೆ.

ನಾನು ಸಣ್ಣ ಮತ್ತು ಮಧ್ಯಮ ಗಾತ್ರದ ಕಂಪನಿಗಳಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಂಡವನು. ಮೇಲಿನಂಥ ಸಂದೇಶವನ್ನು ನಾನೂ ಒಮ್ಮೆ ಹಾಕಿದ್ದೇನೆ, ಒಂದು ವಾರ ಅದರ ಫಲ ಉಂಡಿದ್ದೇನೆ. ಇಲ್ಲಿ ಹೇಳಹೊರಟಿರುವುದು ಮೆಮೊ ಬಗ್ಗೆ ಅಲ್ಲ, ಕಾರಣ ಕೇಳಿ ಕೊಡುವ ನೋಟಿಸಿನ ಬಗ್ಗೆಯೂ ಅಲ್ಲ. ಅವಕ್ಕೆ ನಮೂನೆ ಇದೆ, ಲೆಟರ್‌ಹೆಡ್ ಇದೆ, ಸಹಿ ಇದೆ. ಅದಕ್ಕೂ ಮೊದಲು ಮ್ಯಾನೇಜರ್ ತಾನೇ ಫೋನಿನಲ್ಲಿ ಟೈಪ್ ಮಾಡಿ ಕಳಿಸುವ ನಾಲ್ಕು ಸಾಲು ಇರುತ್ತದಲ್ಲ, ಅದಕ್ಕೆ ನಮೂನೆ ಇಲ್ಲ. ನಾನು ನೋಡಿದ ಜಗಳಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅಲ್ಲೇ.

ಇಂಥ ಸಂದೇಶ ಕೆಟ್ಟಾಗ ಹೆಚ್ಚಿನವರು ಅದನ್ನು ‘ಮೆತ್ತಗೆ’ ಮಾಡಲು ಹೋಗುತ್ತಾರೆ. ಮುಂದೆ ಒಂದು ‘ದಯವಿಟ್ಟು’, ಹಿಂದೆ ಕೈಮುಗಿದ ಚಿತ್ರ. ಒಳಗಿನ ಮಾತು ಮಾತ್ರ ಅದೇ. ಓದುವವರಿಗೆ ಅನ್ಯಾಯ ಅನ್ನಿಸುವುದು ಮಾತು ಗಡುಸಾಗಿದ್ದಕ್ಕೆ ಅಲ್ಲ, ಮಾತಿನಲ್ಲಿ ಲೆಕ್ಕ ಇಲ್ಲದ್ದಕ್ಕೆ. ಹಾಗಾಗಿ ಕೆಲಸ ಶುರುವಾಗುವುದು ಫೋನಿನಲ್ಲಲ್ಲ, ಹಾಜರಾತಿ ಪಟ್ಟಿಯಲ್ಲಿ.

ಒಂದು ಪ್ರಸಂಗ ಇಟ್ಟುಕೊಂಡೇ ಹೇಳುತ್ತೇನೆ. ಬೆಂಗಳೂರಿನ ಒಂದು ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಸರಬರಾಜು ಮಾಡುವ ಸಂಸ್ಥೆ. ಕೆಲಸದ ಸಮಯ 9.30ರಿಂದ 6.30, ನಡುವೆ ಒಂದು ಗಂಟೆ ಊಟ. ಹತ್ತು ನಿಮಿಷ ಗ್ರೇಸ್, ಅಂದರೆ 9.40ರವರೆಗೆ ಪಂಚ್ ಆದರೆ ಲೇಟ್ ಮಾರ್ಕ್ ಇಲ್ಲ. ಮೂರು ಲೇಟ್ ಮಾರ್ಕ್ ಬಿದ್ದರೆ ಅರ್ಧ ದಿನದ ರಜೆ ಕಡಿತ, ರಜೆ ಇಲ್ಲದಿದ್ದರೆ ಅರ್ಧ ದಿನದ ಸಂಬಳ. 2025ರ ಜೂನ್ 21ರ ಶನಿವಾರ ಡಿಸ್ಪ್ಯಾಚ್ ಮ್ಯಾನೇಜರ್ ನನ್ನ ಹತ್ತಿರ ಬಂದರು. ಬಿಲ್ಲಿಂಗ್ ನೋಡುವ ಮೇಡಂ ಮೇಲೆ ಸಿಟ್ಟು. “ಏಳು ಸಲ ಸರ್, ಈ ತಿಂಗಳು ಇನ್ನೂ ಮುಗಿದಿಲ್ಲ. ದಿನಾ ಲೇಟು. ಗುಂಪಿಗೆ ಹಾಕ್ಲಾ, ನೇರ ಮೆಮೊನೇ ಕೊಡ್ಲಾ?”

ಪಟ್ಟಿ ತೆಗೆಸಿದೆ. ಏಳು ಕೆಂಪು ಗುರುತು ನಿಜ: 3ನೇ ತಾರೀಖು 9.52, 6ರಂದು 9.58, 12ರಂದು 9.43, 13ರಂದು 9.55, 16ರಂದು 10.48, 19ರಂದು 9.44, 20ರಂದು 10.04.

‘ದಿನಾ’ ಅನ್ನುವುದು ಅಲ್ಲೇ ಬಿದ್ದುಹೋಯಿತು. ಉಳಿದದ್ದು ಏಳು. ಅದರಲ್ಲಿ 16ನೆಯದು ನೋಡಿದ ಕೂಡಲೇ ಮ್ಯಾನೇಜರೇ ಹಣೆ ಚಚ್ಚಿಕೊಂಡರು. ಆ ಸೋಮವಾರ ಚೆಕ್ ಕೊಟ್ಟು ನೇರ ಬ್ಯಾಂಕಿಗೆ ಹೋಗಿ ಬನ್ನಿ ಎಂದು ಕಳಿಸಿದ್ದವರು ಅವರೇ. ಹೊರಗಿನ ಕೆಲಸಕ್ಕೆ ಹೋದವರ ಹೆಸರನ್ನು ಯಾರೂ ಸಾಫ್ಟ್‌ವೇರಿನಲ್ಲಿ ತುಂಬಿರಲಿಲ್ಲ. ಮೆಷಿನ್ನಿಗೆ ಬ್ಯಾಂಕು, ಬಸ್ಸು, ಹಾಸಿಗೆ ಎಲ್ಲ ಒಂದೇ.

ಇನ್ನು 12 ಮತ್ತು 19. 9.43, 9.44. ಮೂರು ನಾಲ್ಕು ನಿಮಿಷದ ಮಾತು. ಇಂಥ ಅಂಚಿನ ಅಂಕಿ ಕಂಡಾಗ ಇಡೀ ಆಫೀಸಿನ ಪಟ್ಟಿಯನ್ನು ಒಟ್ಟಿಗೆ ಹಾಕಿ ನೋಡಬೇಕು. ಒಬ್ಬರ ಲೇಟ್ ಹೆಚ್ಚಾದರೆ ಕಾರಣ ಆ ಒಬ್ಬರಲ್ಲಿರಬಹುದು. ಒಂದೇ ದಿನದಿಂದ ಎಲ್ಲರ ಲೇಟ್ ಒಟ್ಟಿಗೆ ಹೆಚ್ಚಾಗಿ, ಒಂದೇ ದಿನ ಒಟ್ಟಿಗೆ ಇಳಿದರೆ ಕಾರಣ ಗೋಡೆಯ ಮೇಲಿರುತ್ತದೆ. ಇಲ್ಲಿ ಆದದ್ದೂ ಅದೇ. 12ರಿಂದ 19ರವರೆಗೆ ಐದು ಜನರಿಗೆ ಹೊಸದಾಗಿ ಲೇಟ್ ಮಾರ್ಕ್ ಬಿದ್ದಿತ್ತು, ಎಲ್ಲವೂ 9.41ರಿಂದ 9.48ರ ಒಳಗೆ. ವಿಚಾರಿಸಿದರೆ, 11ರ ರಾತ್ರಿ ಕರೆಂಟ್ ಹೋಗಿ ಬಂದಮೇಲೆ ಮೆಷಿನ್ನಿನ ಗಡಿಯಾರ ಕೆಟ್ಟು, ಬೆಳಗ್ಗೆ ಸೆಕ್ಯೂರಿಟಿಯವರು ಗೋಡೆ ಗಡಿಯಾರ ನೋಡಿ ಸಮಯ ತುಂಬಿದ್ದಾರೆ. ಗೋಡೆ ಗಡಿಯಾರವನ್ನು ಬೇಕೆಂದೇ ಎಂಟು ನಿಮಿಷ ಮುಂದಿಟ್ಟಿದ್ದರು, ಎಲ್ಲರೂ ಬೇಗ ಬರಲಿ ಎಂದು! 19ರ ಸಂಜೆ ಕಂಪ್ಯೂಟರ್ ನೋಡುವ ಹುಡುಗ ಸರಿಮಾಡಿ, ಯಾರಿಗೂ ಹೇಳದೆ ಮನೆಗೆ ಹೋಗಿದ್ದಾನೆ. ಇಂಥದ್ದನ್ನು ಹಿಡಿಯಲು ಪರಿಣತಿ ಬೇಕಿಲ್ಲ. ಲೇಟ್ ಮಾರ್ಕ್ ಹೆಚ್ಚಿದ ದಿನವೇ ಮೆಷಿನ್ನಿನ ಮುಂದೆ ನಿಂತು ಫೋನಿನ ಸಮಯಕ್ಕೆ ಹೋಲಿಸಿದರೆ ಅರ್ಧ ಕೆಲಸ ಆಯಿತು.

ಎಂಟು ನಿಮಿಷ ಕಳೆದರೆ 12ರದ್ದು 9.35, 19ರದ್ದು 9.36, ಎರಡೂ ಗ್ರೇಸಿನ ಒಳಗೆ. 13ರದ್ದು 9.47, ಅದು ಲೇಟೇ. ಉಳಿದದ್ದು ನಾಲ್ಕು: 3, 6, 13, 20. ಈಗ ತಾರೀಖಿನ ಪಕ್ಕ ವಾರ ಬರೆದು ನೋಡಿ. ಮಂಗಳವಾರ, ಶುಕ್ರವಾರ, ಶುಕ್ರವಾರ, ಶುಕ್ರವಾರ.

‘ದಿನಾ ಲೇಟು’ ಅನ್ನುವುದು ‘ಕೆಲವು ಮಂಗಳವಾರ, ಶುಕ್ರವಾರ ಲೇಟು’ ಆಗಿತ್ತು. ಕಾರಣ ಏನೆಂದು ನಮಗೆ ಗೊತ್ತಿರಲಿಲ್ಲ. ಸಂದೇಶದಲ್ಲಿ ಊಹಿಸಬಾರದು ಕೂಡ. ‘ಬಹುಶಃ ಮನೆಯಲ್ಲಿ ಏನೋ ತೊಂದರೆ ಇರಬೇಕು’ ಎಂದು ಬರೆಯುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಬರೆದಿರುತ್ತಾರೆ, ಓದುವವರಿಗೆ ಮಾತ್ರ ಯಾರೋ ಮನೆಯೊಳಗೆ ಇಣುಕಿದಂತೆ ಆಗುತ್ತದೆ. ದಿನಗಳನ್ನು ಮುಂದಿಟ್ಟು ಕೇಳಬೇಕು, ಕಾರಣ ಹೇಳುವ ಕೆಲಸ ಅವರದ್ದು.

ಇಲ್ಲಿ ದುಡ್ಡಿನ ಲೆಕ್ಕವನ್ನೂ ಒಮ್ಮೆ ನೋಡಿಬಿಡಬೇಕು. ಸಂದೇಶದಲ್ಲಿ ‘ಸಂಬಳ ಕಟ್ ಆಗುತ್ತೆ’ ಎಂಬ ಮಾತು ಬಹಳ ಸಲೀಸಾಗಿ ಬಂದುಬಿಡುತ್ತದೆ. ನಾಲ್ಕು ದಿನದ ತಡವನ್ನು 9.30ರಿಂದಲೇ ಎಣಿಸಿದರೆ 22, 28, 17, 34 ನಿಮಿಷ, ಒಟ್ಟು 101 ನಿಮಿಷ. ತಿಂಗಳಿಗೆ 26,000 ಸಂಬಳ, 26 ದಿನ ಎಂದಿಟ್ಟುಕೊಂಡರೆ ದಿನಕ್ಕೆ ಸಾವಿರ, ಎಂಟು ಗಂಟೆಯ ಲೆಕ್ಕದಲ್ಲಿ ಗಂಟೆಗೆ 125 ರೂಪಾಯಿ. 101 ನಿಮಿಷಕ್ಕೆ ಸುಮಾರು 210 ರೂಪಾಯಿ. ನಾಲ್ಕು ಲೇಟ್ ಮಾರ್ಕಿಗೆ ಅರ್ಧ ದಿನ ಎಂದರೆ 500. ಮೆಷಿನ್ ಹೇಳಿದ ಏಳನ್ನೇ ಹಿಡಿದಿದ್ದರೆ ಎರಡು ಅರ್ಧ ದಿನ, ಪೂರ್ತಿ ಸಾವಿರ.

1936ರ ವೇತನ ಪಾವತಿ ಕಾಯ್ದೆಯಲ್ಲಿ ಒಂದು ಸರಳ ತತ್ವವಿತ್ತು, 2019ರ ವೇತನ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಕೆಲಸಕ್ಕೆ ಇಲ್ಲದ ಹೊತ್ತಿಗೆ ಸಂಬಳ ಕಡಿಯಬಹುದು, ಆದರೆ ಇಲ್ಲದಿದ್ದ ಹೊತ್ತು ಎಷ್ಟೋ ಅಷ್ಟರ ಪ್ರಮಾಣಕ್ಕೆ ಮಾತ್ರ. ಅದಕ್ಕಿಂತ ಹೆಚ್ಚು ಕಡಿದರೆ ಅದು ದಂಡ. ದಂಡಕ್ಕೆ ಬೇರೆಯೇ ಕಟ್ಟಳೆಗಳಿವೆ. ಯಾವ ತಪ್ಪಿಗೆ ದಂಡ ಎಂಬುದನ್ನು ಮೊದಲೇ ಪ್ರಕಟಿಸಿರಬೇಕು, ಆ ವ್ಯಕ್ತಿಗೆ ವಿವರಣೆ ಕೊಡಲು ಅವಕಾಶ ಕೊಡಬೇಕು, ಮೊತ್ತ ಆ ಅವಧಿಯ ವೇತನದ ಶೇ. 3ನ್ನು ಮೀರಬಾರದು. ಹಾಗಾಗಿ ‘ಮೂರು ಲೇಟಿಗೆ ಅರ್ಧ ದಿನ’ ಎಂಬ ರೂಢಿ ರಜೆಯ ಖಾತೆಯಲ್ಲಿ ಇರುವವರೆಗೆ ಒಂದು ಮಾತು, ಸಂಬಳಕ್ಕೆ ಕೈಹಾಕಿದಾಗ ಇನ್ನೊಂದು. ಇದನ್ನೆಲ್ಲ ಮ್ಯಾನೇಜರ್ ಬಾಯಿಪಾಠ ಮಾಡಬೇಕಿಲ್ಲ. ಕಡಿತದ ವಿಷಯ ಸಿಬ್ಬಂದಿ ವಿಭಾಗದಿಂದ ಖಚಿತವಾಗುವವರೆಗೆ ತನ್ನ ಸಂದೇಶದಲ್ಲಿ ದುಡ್ಡಿನ ಮಾತು ಎತ್ತದಿದ್ದರೆ ಸಾಕು.

ಇನ್ನು ಭಾಷೆ. ಕನ್ನಡದಲ್ಲಿ ಬರೆಯುವಾಗ ಆರೋಪ ಹೊರುವುದು ದೊಡ್ಡ ಶಬ್ದಗಳಲ್ಲ, ಸಣ್ಣ ಪ್ರತ್ಯಯಗಳು. ‘ಇವತ್ತು ಲೇಟಾಯಿತು’ ಅಂದರೆ ಒಂದು ಸಂಗತಿ. ‘ಇವತ್ತೂ ಲೇಟಾಯಿತು’ ಅಂದರೆ ಹಿಂದಿನದೆಲ್ಲ ಲೆಕ್ಕ ಇಟ್ಟಿದ್ದೇನೆ ಎಂದು. ಆ ಒಂದು ‘ಊ’ಕಾರ ಮೂರು ತಿಂಗಳ ಸಿಟ್ಟನ್ನು ಹೊತ್ತುಕೊಂಡು ಬರುತ್ತದೆ. ‘ನೀವೇ ಲೇಟ್ ಬಂದರೆ ಹೇಗೆ?’ ಎಂಬುದರ ‘ಏ’ ಕೂಡ ಅದೇ ಜಾತಿ. ‘ಮತ್ತೆ’, ‘ಯಾವಾಗಲೂ’, ‘ಎಷ್ಟು ಸಲ ಹೇಳೋದು’, ಇವೆಲ್ಲ ಲೆಕ್ಕದ ಜಾಗದಲ್ಲಿ ಬಂದು ಕೂರುವ ಮಾತುಗಳು. ನಾಲ್ಕು ತಾರೀಖು ಕೊಟ್ಟಮೇಲೆ ಅವು ಬೇಕಾಗುವುದಿಲ್ಲ.

ಕ್ರಿಯಾಪದವನ್ನೂ ನೋಡಿಕೊಳ್ಳಬೇಕು. ‘ತಡವಾಗಿ ಬರುತ್ತಿದ್ದೀರಿ’ ಅಂದರೆ ಅದು ನಿಮ್ಮ ಸ್ವಭಾವ ಎಂಬ ತೀರ್ಪು. ‘ನಾಲ್ಕು ದಿನ ತಡವಾಗಿ ಬಂದಿದ್ದೀರಿ’ ಅಂದರೆ ಆಗಿಹೋದ ಸಂಗತಿ, ಎಣಿಸಬಹುದು, ಅಲ್ಲಗಳೆಯಲೂಬಹುದು. ಇದು ಬರೀ ಸೌಜನ್ಯದ ಪ್ರಶ್ನೆಯಲ್ಲ. 1946ರ ಕೈಗಾರಿಕಾ ಉದ್ಯೋಗ (ಸ್ಥಾಯೀ ಆದೇಶಗಳು) ಕಾಯ್ದೆಯಡಿ ರೂಪಿಸಿದ ಮಾದರಿ ಸ್ಥಾಯೀ ಆದೇಶಗಳಲ್ಲಿ ರೂಢಿಯಾಗಿ ತಡವಾಗಿ ಬರುವುದನ್ನು ದುರ್ನಡತೆಯ ಪಟ್ಟಿಯಲ್ಲಿ ಸೇರಿಸಿದ್ದರು. ಅಂದರೆ ‘ಲೇಟ್ ಬರೋದು ನಿಮಗೆ ಅಭ್ಯಾಸವಾಗಿದೆ’ ಎಂದು ಮ್ಯಾನೇಜರ್ ಬರೆದರೆ, ತನಗೇ ತಿಳಿಯದಂತೆ ಒಂದು ದೋಷಾರೋಪಣೆಯ ವಾಕ್ಯ ಬರೆದಂತಾಯಿತು. ನಾಲ್ಕು ಸಾಲಿನ ವಾಟ್ಸಾಪ್ ಸಂದೇಶಕ್ಕೆ ಅಷ್ಟು ಭಾರ ಹೊರಿಸಬಾರದು. ನಾಳೆ ನಿಜವಾಗಿ ವಿಚಾರಣೆ ನಡೆಯುವ ಹಂತ ಬಂದರೆ ‘ಮೊದಲೇ ತೀರ್ಮಾನ ಮಾಡಿಟ್ಟಿದ್ದರು’ ಎನ್ನಲು ಇದೇ ಸ್ಕ್ರೀನ್‌ಶಾಟ್ ಸಾಕು. ‘ಬೇಜವಾಬ್ದಾರಿ’, ‘ಅಶಿಸ್ತು’, ‘ನಿರ್ಲಕ್ಷ್ಯ’ ಇವುಗಳದ್ದೂ ಇದೇ ಕಥೆ.

ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ. ಸಿಟ್ಟು ಕಾಣಬಾರದು ಎಂದು ಸರ್ಕಾರಿ ಸುತ್ತೋಲೆಯ ಕನ್ನಡಕ್ಕೆ ಹಾರುತ್ತಾರೆ. ‘ತಾವು ಕಚೇರಿಗೆ ವಿಳಂಬವಾಗಿ ಹಾಜರಾಗುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಇನ್ನು ಮುಂದೆ ಸಕಾಲದಲ್ಲಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು.’ ಇದು ಗಂಭೀರವಾಗಿ ಕಾಣುತ್ತದೆ, ವೃತ್ತಿಪರ ಅಲ್ಲ. ಯಾರ ಗಮನಕ್ಕೆ ಬಂತು? ಕ್ರಮ ಜರುಗಿಸುವವರು ಯಾರು? ಬರೆದವರೇ ಮಾಯ. ನಿನ್ನೆ ಜೊತೆಗೆ ಕೂತು ಕಾಫಿ ಕುಡಿದ ಮನುಷ್ಯ ಇವತ್ತು ‘ಹಾಜರಾಗತಕ್ಕದ್ದು’ ಎಂದರೆ ಓದುವವರಿಗೆ ಹೊಟ್ಟೆಯಲ್ಲಿ ತಳಮಳವಾಗುತ್ತದೆ. ‘ಸೂಕ್ತ ಕ್ರಮ’ ಎಂಬುದಂತೂ ಹೆದರಿಸಲು ಮಾತ್ರ ಇರುವ ಮಾತು. ಏನು ಕ್ರಮ ಎಂದು ಗೊತ್ತಿದ್ದರೆ ಬರೆಯಿರಿ, ಗೊತ್ತಿಲ್ಲದಿದ್ದರೆ ಬಿಡಿ. ‘ಕೊನೆಯ ಎಚ್ಚರಿಕೆ’ ಎಂದು ಒಂದೇ ವರ್ಷದಲ್ಲಿ ಐದು ಸಲ ಬರೆದವರನ್ನು ನಾನು ಬಲ್ಲೆ.

ಬರಬೇಕು, ಬನ್ನಿ, ಬರತಕ್ಕದ್ದು ಈ ಮೂರರಲ್ಲಿ ಅನೌಪಚಾರಿಕ ಸಂದೇಶಕ್ಕೆ ‘ಬನ್ನಿ’ ಸರಿ. ಅದರಲ್ಲಿ ಗೌರವವೂ ಇದೆ, ಸ್ಪಷ್ಟತೆಯೂ ಇದೆ. ‘ಬಂದರೆ ಒಳ್ಳೆಯದಿತ್ತು’ ಎಂದು ಎಳೆಯುವುದು ಬೇಡ, ಅದು ಸಲಹೆಯೋ ಸೂಚನೆಯೋ ತಿಳಿಯುವುದಿಲ್ಲ. ದಿನವೂ ‘ನೀನು’ ಎಂದು ಸಲುಗೆಯಿಂದ ಮಾತಾಡಿಸುವ ಕಿರಿಯರಿಗೂ ಇಂಥ ಸಂದೇಶದಲ್ಲಿ ‘ನೀವು’ ಎಂದೇ ಬರೆಯುವುದು ಕ್ಷೇಮ. ಎದುರಿಗೆ ನಗುತ್ತಾ ಹೇಳಿದ ‘ನೀನು’ ಬರಹದಲ್ಲಿ ನಗು ಕಳೆದುಕೊಂಡಿರುತ್ತದೆ.

ಶನಿವಾರ ಮ್ಯಾನೇಜರಿಗೆ ಸುಮ್ಮನಿರಿ ಎಂದೆ. ಸಿಟ್ಟು ಆರಲಿ ಎಂದಷ್ಟೇ ಅಲ್ಲ, ಶನಿವಾರ ಸಂಜೆ ಕಳಿಸಿದ ಸಂದೇಶ ಭಾನುವಾರವಿಡೀ ಮನೆಯಲ್ಲಿ ಕೂತಿರುತ್ತದೆ. ಉತ್ತರ ಕೊಡಲು ಆಫೀಸೂ ಇರುವುದಿಲ್ಲ. ತಡವಾಗಿ ಬಂದ ದಿನದ ಬೆಳಗ್ಗೆಯೇ ಕಳಿಸುವುದೂ ಬೇಡ. ಕೆಲಸದ ದಿನ, ಬೆಳಗಿನ ಗಡಿಬಿಡಿ ಮುಗಿದಮೇಲೆ, ಅವರೊಬ್ಬರಿಗೇ. ಸೋಮವಾರ 23ರಂದು ಹನ್ನೊಂದೂವರೆಗೆ ಹೋದ ಸಂದೇಶ ಇದು:

“ನಮಸ್ಕಾರ ಮೇಡಂ. ಜೂನ್ ತಿಂಗಳ ಹಾಜರಾತಿ ನೋಡುತ್ತಿದ್ದೆ. ನಮ್ಮ ಸಮಯ 9.30, ಗ್ರೇಸ್ ಸೇರಿ 9.40. ಈ ತಿಂಗಳು ನಾಲ್ಕು ದಿನ ಅದಕ್ಕಿಂತ ತಡವಾಗಿ ಬಂದಿದ್ದೀರಿ: 3ರಂದು 9.52, 6ರಂದು 9.58, 13ರಂದು 9.47, 20ರಂದು 10.04. ಮೆಷಿನ್ ಗಡಿಯಾರ 12ರಿಂದ 19ರವರೆಗೆ ಎಂಟು ನಿಮಿಷ ಮುಂದಿತ್ತು, ಅದನ್ನು ಕಳೆದು ಬರೆದಿದ್ದೇನೆ. 16ರಂದು ಆಫೀಸ್ ಕೆಲಸಕ್ಕೆ ಬ್ಯಾಂಕಿಗೆ ಹೋಗಿದ್ದಿರಿ, ಅದು ಲೆಕ್ಕಕ್ಕಿಲ್ಲ. ಮೊದಲ ಗಾಡಿ 9.45ಕ್ಕೆ ಹೊರಡಬೇಕು, ಈ ದಿನಗಳಲ್ಲಿ ಬಿಲ್ಲಿಗಾಗಿ ಗಾಡಿ ನಿಲ್ಲಿಸಿಕೊಳ್ಳಬೇಕಾಯಿತು. ನಾನು ಬರೆದದ್ದರಲ್ಲಿ ತಪ್ಪಿದ್ದರೆ ತಿಳಿಸಿ. ಆ ದಿನಗಳಲ್ಲಿ ಏನಾದರೂ ತೊಂದರೆ ಇತ್ತಾ? ಸಮಯದಲ್ಲಿ ಬದಲಾವಣೆ ಬೇಕಿದ್ದರೆ ಬುಧವಾರದೊಳಗೆ ಹೇಳಿ, ಕೂತು ಮಾತಾಡೋಣ. ಬೇಡ ಎಂದಾದರೆ ಗುರುವಾರದಿಂದ 9.40ರೊಳಗೆ ಬನ್ನಿ. ಇದು ಮೆಮೊ ಅಲ್ಲ.”

ಸ್ವಲ್ಪ ಉದ್ದವಾಯಿತು ಅನ್ನಿಸಬಹುದು. ಆದರೆ ಇದರಲ್ಲಿ ತೆಗೆಯುವಂಥದ್ದು ಏನೂ ಇಲ್ಲ. ಮೆಷಿನ್ ತಪ್ಪು ಮತ್ತು ಬ್ಯಾಂಕಿನ ವಿಷಯ ಬರೆದಿರುವುದು ಆಕೆ ಕೇಳುವ ಮೊದಲೇ ನಾವು ನೋಡಿದ್ದೇವೆ ಎಂದು ತೋರಿಸಲು. ಅದೊಂದು ಸಾಲು ಇರದಿದ್ದರೆ ಉತ್ತರ ಶುರುವಾಗುತ್ತಿದ್ದುದೇ ‘ಸರ್ 16ಕ್ಕೆ ನೀವೇ ಕಳಿಸಿದ್ದಲ್ವಾ’ ಎಂದು, ನಿಜವಾದ ನಾಲ್ಕು ದಿನದ ಮಾತು ಅಲ್ಲಿಗೇ ಮುಳುಗುತ್ತಿತ್ತು. ಗಾಡಿಯ ಸಾಲು ಇರುವುದು, ತಡವಾದ್ದರಿಂದ ಕೆಲಸಕ್ಕೆ ಏನಾಯಿತು ಎಂದು ಹೇಳಲು. ಏನೂ ಆಗಿರದಿದ್ದರೆ ಆ ಸಾಲು ಸೃಷ್ಟಿಸಬಾರದು. ಆಗ ಮ್ಯಾನೇಜರ್ ತನ್ನನ್ನೇ ಕೇಳಿಕೊಳ್ಳಬಹುದು, ಹನ್ನೆರಡು ನಿಮಿಷಕ್ಕೆ ಈ ಸಂದೇಶ ಬೇಕೇ ಎಂದು.

‘ಬುಧವಾರದೊಳಗೆ’, ‘ಗುರುವಾರದಿಂದ’ ಎಂದು ಬರೆದದ್ದರಿಂದ ಉತ್ತರಕ್ಕೆ ಜಾಗ ಇದೆ. ‘ನಾಳೆಯಿಂದ ಸರಿಯಾಗಿ ಬನ್ನಿ, ಏನಾದರೂ ಇದ್ದರೆ ಹೇಳಿ’ ಎಂದು ಬರೆದರೆ ಆ ಕೊನೆಯ ಮಾತು ಬಾಯಿಮಾತು. ಆಜ್ಞೆ ಮೊದಲೇ ಆಗಿಹೋಗಿದೆ. ‘ಇದು ಮೆಮೊ ಅಲ್ಲ’ ಎಂದು ಬರೆದಮೇಲೆ ಅದಕ್ಕೆ ನಿಲ್ಲಬೇಕು. ಆರು ತಿಂಗಳ ನಂತರ ಇದನ್ನೇ ಪ್ರಿಂಟ್ ತೆಗೆದು ‘ಹಿಂದೆ ಎಚ್ಚರಿಸಲಾಗಿತ್ತು’ ಎಂದು ಫೈಲಿಗೆ ಸೇರಿಸಿದರೆ, ಮುಂದೆ ಯಾರೂ ನಿಮ್ಮ ಯಾವ ಅನೌಪಚಾರಿಕ ಮಾತನ್ನೂ ನಂಬುವುದಿಲ್ಲ. ಸೇರಿಸುವ ಉದ್ದೇಶ ಇದ್ದರೆ ಆ ಸಾಲು ಹಾಕಬೇಡಿ.

ಕಳಿಸುವ ಮೊದಲು ನಾನು ಮ್ಯಾನೇಜರಿಗೆ ಒಂದು ಪ್ರಶ್ನೆ ಕೇಳಿದೆ. ಸ್ಟೋರ್ಸಿನಲ್ಲಿ ಒಬ್ಬರು ಹಿರಿಯರಿದ್ದಾರೆ, ರಾತ್ರಿ ಎಂಟರವರೆಗೂ ಕೂರುತ್ತಾರೆ, ಎಲ್ಲರಿಗೂ ಬೇಕಾದವರು. ಜೂನ್‌ನಲ್ಲಿ ಅವರ ನಿಜವಾದ ಲೇಟ್ ಮಾರ್ಕ್ ಐದು. ಅವರಿಗೂ ಇದೇ ಸಂದೇಶ ಹೋಗುತ್ತದೆಯೇ? ಮ್ಯಾನೇಜರ್ ತುಸು ಹೊತ್ತು ಸುಮ್ಮನಿದ್ದರು. “ಅವರು ರಾತ್ರಿ ಇರ್ತಾರಲ್ಲ ಸರ್.” ಇರಬಹುದು. ಹಾಗಾದರೆ ಅವರ ಸಮಯ 10ರಿಂದ 7 ಎಂದು ಬರೆದು ಬದಲಿಸಿ, ಇಲ್ಲವೇ ಇದೇ ಸಂದೇಶ ಕಳಿಸಿ. ಒಬ್ಬರಿಗೆ ಕಣ್ಣು ಮುಚ್ಚಿ ಇನ್ನೊಬ್ಬರಿಗೆ ತಾರೀಖು ಎಣಿಸಿದರೆ ಸಂದೇಶದ ಭಾಷೆ ಎಷ್ಟು ಚೆನ್ನಾಗಿದ್ದರೂ ಏನೂ ಪ್ರಯೋಜನವಿಲ್ಲ. ಆ ದಿನ ಎರಡು ಸಂದೇಶ ಹೋದವು. ಅಂದಹಾಗೆ, ಸ್ವತಃ ಹತ್ತೂಕಾಲಿಗೆ ಬರುವ ಮ್ಯಾನೇಜರುಗಳ ಬಗ್ಗೆ ನಾನು ಏನೂ ಬರೆಯುವುದಿಲ್ಲ, ಅವರ ಸಂದೇಶವನ್ನು ಸರಿಮಾಡುವ ವಿದ್ಯೆ ನನಗೆ ಬರುವುದಿಲ್ಲ.

ಮಧ್ಯಾಹ್ನ ಉತ್ತರ ಬಂತು. “ಸರ್, ಮಂಗಳವಾರ ಶುಕ್ರವಾರ ನಮ್ಮ ಬೀದಿಗೆ ನೀರು ಬಿಡ್ತಾರೆ. ಏಳೂವರೆಗೆ ಬರಬೇಕಾದ್ದು ಒಂದೊಂದು ಸಲ ಎಂಟೂವರೆ ಆದ್ರೂ ಬರಲ್ಲ. ಸಂಪು ತುಂಬಿಸಿ ಮೋಟಾರ್ ಹಾಕೋಕೆ ಮನೇಲಿ ಅತ್ತೆ ಒಬ್ಬರೇ, ಅವರಿಗೆ ಆಗಲ್ಲ. ಹೇಳೋಣ ಅಂದ್ಕೊಂಡೆ, ಸಣ್ಣ ವಿಷಯ ಅಂತ ಸುಮ್ಮನಾದೆ.” ನಲ್ಲಿ ನೀರಿಗೆ ಕಾದು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರಣ ಒಪ್ಪತಕ್ಕದ್ದೇ ಇರಲಿ, ಇಲ್ಲದಿರಲಿ, ಇಲ್ಲಿಗೆ ನಿಲ್ಲಿಸಿ ‘ಸರಿ ಮೇಡಂ’ ಎಂದು ಬಿಟ್ಟರೆ ಮುಂದಿನ ಜಗಳಕ್ಕೆ ಬೀಜ ಬಿತ್ತಿದಂತೆ. ‘ಸರಿ’ ಎಂಬ ಮಾತಿನಷ್ಟು ಗೊಂದಲದ ಮಾತು ಆಫೀಸಿನಲ್ಲಿ ಇನ್ನೊಂದಿಲ್ಲ. ಬೆಳಗ್ಗೆ ‘ಸರ್ ಟ್ರಾಫಿಕ್, ಇಪ್ಪತ್ತು ನಿಮಿಷ ಲೇಟಾಗುತ್ತೆ’ ಎಂದು ಮೆಸೇಜ್ ಬರುತ್ತದೆ, ಮ್ಯಾನೇಜರ್ ಹೆಬ್ಬೆಟ್ಟಿನ ಗುರುತು ಒತ್ತುತ್ತಾರೆ. ಅವರ ಲೆಕ್ಕದಲ್ಲಿ ಅದು ‘ಓದಿದೆ’. ಕಳಿಸಿದವರ ಲೆಕ್ಕದಲ್ಲಿ ಅದು ‘ಪರವಾಗಿಲ್ಲ’. ತಿಂಗಳ ಕೊನೆಗೆ ಲೇಟ್ ಮಾರ್ಕ್ ನೋಡಿ ‘ಪರ್ಮಿಷನ್ ಕೊಟ್ಟಿದ್ರಲ್ಲ ಸರ್’ ಎಂದು ಬರುತ್ತಾರೆ, ಇಬ್ಬರೂ ಫೋನ್ ತೆಗೆದು ಅದೇ ಹೆಬ್ಬೆಟ್ಟು ತೋರಿಸುತ್ತಾರೆ. ಹಾಗಾಗಿ ಉತ್ತರ ಎರಡರಲ್ಲೊಂದು ಇರಬೇಕು. ‘ತಿಳಿಯಿತು, ನಿಧಾನವಾಗಿ ಬನ್ನಿ. ಲೇಟ್ ಮಾರ್ಕ್ ಮಾತ್ರ ಇರುತ್ತದೆ’ ಅಥವಾ ‘ತಿಳಿಯಿತು, ಇವತ್ತಿನದು ಅನುಮತಿ ಎಂದು ಹಾಕಿಸುತ್ತೇನೆ.’ ಹತ್ತು ಸೆಕೆಂಡಿನ ಕೆಲಸ, ಆದರೂ ಇದನ್ನು ರೂಢಿಸಿಕೊಂಡವರು ಕಡಿಮೆ.

ಮೇಡಂ ಜೊತೆ ಎದುರು ಕೂತು ಮಾತಾಡಿದ್ದು ಹತ್ತು ನಿಮಿಷ. ಮಂಗಳವಾರ, ಶುಕ್ರವಾರ 10ರಿಂದ 7. ಮೊದಲ ಗಾಡಿಯ ಬಿಲ್ಲನ್ನು ಹಿಂದಿನ ಸಂಜೆಯೇ ತೆಗೆದು ಟ್ರೇಯಲ್ಲಿ ಇಡುವುದು. ಮಾತಾದಮೇಲೆ ಎರಡನೆಯ ಸಂದೇಶ:

“ಮೇಡಂ, ಇವತ್ತು ಮಾತಾಡಿದ್ದು ಬರೆದಿಡುತ್ತಿದ್ದೇನೆ. ಜುಲೈ 1ರಿಂದ ಮಂಗಳವಾರ, ಶುಕ್ರವಾರ ನಿಮ್ಮ ಸಮಯ 10ರಿಂದ 7, ಆ ದಿನಗಳಲ್ಲಿ ಗ್ರೇಸ್ 10.10ರವರೆಗೆ. ಉಳಿದ ದಿನ ಮೊದಲಿನಂತೆ. ಮೊದಲ ಗಾಡಿಯ ಬಿಲ್ ಹಿಂದಿನ ಸಂಜೆ ತಯಾರಿರುತ್ತದೆ. ಆಗಸ್ಟ್ 31ರವರೆಗೆ ಹೀಗೆ ನಡೆಸಿ ನೋಡೋಣ, ಆಮೇಲೆ ಮತ್ತೆ ಕೂತು ಮಾತಾಡೋಣ. ಜೂನ್‌ನ ನಾಲ್ಕು ಲೇಟ್ ಮಾರ್ಕ್ ಪಟ್ಟಿಯಲ್ಲಿ ಹಾಗೇ ಇರುತ್ತವೆ. ನಾನು ತಪ್ಪಾಗಿ ಬರೆದದ್ದೇನಾದರೂ ಇದ್ದರೆ ಹೇಳಿ.”

ಆ ಗಡುವು ಬೇಕೇ ಬೇಕು. ಇಲ್ಲದಿದ್ದರೆ ನೀರಿನ ಸಮಯ ಬದಲಾದ ಎರಡು ವರ್ಷದ ಮೇಲೂ ಹತ್ತು ಗಂಟೆ ಹಾಗೇ ಉಳಿದಿರುತ್ತದೆ, ಪಕ್ಕದ ಮೇಜಿನವರು ‘ಅವರಿಗೊಂದು, ನಮಗೊಂದು’ ಎನ್ನಲು ಶುರುಮಾಡಿರುತ್ತಾರೆ. ಪಕ್ಕದ ಮೇಜಿನವರು ನಾಳೆಯೇ ಬಂದು ಕೇಳಿದರೂ ಉತ್ತರ ಸಿದ್ಧವಿರಬೇಕು. ಗೊತ್ತಾದ ದಿನ, ಗೊತ್ತಾದ ಕಾರಣ, ಅಷ್ಟೇ ಹೊತ್ತು ಸಂಜೆ ಕೆಲಸ, ಎರಡು ತಿಂಗಳ ಗಡುವು, ಈ ಷರತ್ತಿಗೆ ಒಪ್ಪುವವರಿಗೆಲ್ಲ ಇದೇ. ಎಲ್ಲ ಕಡೆ ಇದು ನಡೆಯುವುದಿಲ್ಲ. ಪಾಳಿಯಲ್ಲಿ ಮೆಷಿನ್ ನಡೆಸುವವರು, ಹಿಂದಿನ ಪಾಳಿಯವರನ್ನು ಬಿಡಿಸಬೇಕಾದವರು ಇವರಿಗೆ ಅರ್ಧ ಗಂಟೆ ಸರಿಸಲಾಗದು. ಅಲ್ಲಿ ಸಂದೇಶದಲ್ಲಿ ‘ಬದಲಾವಣೆ ಬೇಕಿದ್ದರೆ ಹೇಳಿ’ ಎಂದು ಬರೆದು ಆಮೇಲೆ ಆಗಲ್ಲ ಅನ್ನುವುದಕ್ಕಿಂತ, ಪಾಳಿ ಬದಲಾವಣೆ ಸಾಧ್ಯವೇ ಎಂದು ಮೊದಲೇ ವಿಚಾರಿಸಿಕೊಂಡು ಇರುವಷ್ಟನ್ನೇ ಬರೆಯಬೇಕು.

ಆಮೇಲೂ ತಡವಾದರೆ? ಒಂದು ದಿನ 9.41 ಆದದ್ದಕ್ಕೆ ಮತ್ತೆ ಬರೆಯಬೇಡಿ. ಒಪ್ಪಿದ ಸಮಯ ಮತ್ತೆ ಮತ್ತೆ ತಪ್ಪಿದರೆ ಇನ್ನೊಂದೇ ಒಂದು ಸಂದೇಶ, ಹೊಸ ತಾರೀಖುಗಳೊಂದಿಗೆ. ಅದರಲ್ಲಿ ‘ಇನ್ನು ಮುಂದಿನದು ಸಿಬ್ಬಂದಿ ವಿಭಾಗದಿಂದ ಲಿಖಿತವಾಗಿ ಬರುತ್ತದೆ’ ಎಂದು ನೇರವಾಗಿ ಹೇಳಿಬಿಡಿ. ಅಲ್ಲಿಗೆ ಅನೌಪಚಾರಿಕ ಹಂತ ಮುಗಿಯಿತು. ಮೂರನೆಯದು, ನಾಲ್ಕನೆಯದು ಎಂದು ಸ್ನೇಹದ ಸಂದೇಶ ಕಳಿಸುತ್ತಾ ಹೋದರೆ ಸ್ನೇಹವೂ ಉಳಿಯುವುದಿಲ್ಲ, ಸಮಯವೂ ಉಳಿಯುವುದಿಲ್ಲ.

ಇಡೀ ಗುಂಪಿಗೆ ಬರೆಯುವ ಸಂದರ್ಭ ಒಂದೇ: ನಿಯಮದ ಬಗ್ಗೆ ಹೇಳುವಾಗ. ಅದರಲ್ಲಿ ವ್ಯಕ್ತಿ ಇರಬಾರದು, ‘ಕೆಲವರು’ ಎಂಬುದಂತೂ ಇರಲೇಬಾರದು. ನಮ್ಮ ಪ್ರಸಂಗದಲ್ಲಿ ಅಂಥದ್ದೊಂದು ಇನ್ನೂ ಬಾಕಿಯಿತ್ತು. ಗಡಿಯಾರದ ಎಂಟು ನಿಮಿಷದಿಂದ ಲೇಟ್ ಮಾರ್ಕ್ ಬಿದ್ದ ಆ ಐದು ಜನರಲ್ಲಿ ಇಬ್ಬರಿಗೆ ಆಗಲೇ ಅರ್ಧ ದಿನದ ರಜೆ ಕಡಿತವಾಗಿತ್ತು, ಅವರಿಗೆ ಗೊತ್ತೂ ಇರಲಿಲ್ಲ. ಮ್ಯಾನೇಜರ್ ‘ಸುಮ್ಮನೆ ಸರಿಮಾಡಿದರೆ ಸಾಕಲ್ಲವಾ ಸರ್, ಗುಂಪಿಗೆ ಯಾಕೆ’ ಎಂದರು. ಲೇಟ್ ಬಂದಾಗ ಗುಂಪಿಗೆ ಹಾಕಲು ಹೊರಟವರು ನೀವೇ ಅಲ್ಲವೇ ಎಂದೆ. ನಕ್ಕು ಟೈಪ್ ಮಾಡಿದರು:

“ಎಲ್ಲರಿಗೂ ನಮಸ್ಕಾರ. ಜೂನ್ 12ರಿಂದ 19ರವರೆಗೆ ಹಾಜರಾತಿ ಮೆಷಿನ್ನಿನ ಗಡಿಯಾರ ಎಂಟು ನಿಮಿಷ ಮುಂದಿತ್ತು. ತಪ್ಪು ನಮ್ಮದು. ಆ ದಿನಗಳಲ್ಲಿ 9.41ರಿಂದ 9.48ರ ನಡುವೆ ಬಿದ್ದ ಲೇಟ್ ಮಾರ್ಕ್‌ಗಳನ್ನು ತೆಗೆಸಿದ್ದೇವೆ. ಅದರಿಂದ ಕಡಿತವಾದ ರಜೆ ವಾಪಸ್ ಹಾಕಲಾಗಿದೆ. ಪಟ್ಟಿ ನೋಡಿಕೊಂಡು, ಬಿಟ್ಟುಹೋದದ್ದಿದ್ದರೆ ಶನಿವಾರದೊಳಗೆ ನನಗೆ ಹೇಳಿ. ಗೋಡೆ ಗಡಿಯಾರವನ್ನೂ ಇವತ್ತು ಸರಿಯಾದ ಸಮಯಕ್ಕೆ ಇಟ್ಟಿದ್ದೇವೆ.”